ಒಂದು ವರ್ಷದ ವಿನಾಯಿತಿ: ವಕೀಲಿ ಸನ್ನದಿನ ಹಿಂದಿನ ಲೆಕ್ಕ

ಇವತ್ತಿನ ಸಂಚಿಕೆಯನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಕಾನೂನು ಪದವಿ ಮುಗಿಸಿ, ಸನ್ನದು ತಗೊಂಡು, ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿದ್ದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ನನಗೆ ಒಳ್ಳೇ ಅಂಕ ಬಂದಿತ್ತು. ಸೇರಿದ ಎರಡನೇ ತಿಂಗಳಲ್ಲಿ ಹಿರಿಯರು ಒಂದು ದಾವೆಯ ಕಟ್ಟು ನನ್ನ ಕೈಗೆ ಕೊಟ್ಟು, 'ಇದರದ್ದು ಪ್ರೊಸೆಸ್ ಫೀ ಕಟ್ಟಿಬಿಡಪ್ಪಾ' ಅಂದರು. ವಯಸ್ಸಾದ ಒಬ್ಬ ಹೆಣ್ಣುಮಗಳು ತನ್ನ ಜಮೀನಿನ ಒತ್ತುವರಿ ವಿರುದ್ಧ ಹಾಕಿದ್ದ ದಾವೆ ಅದು. ನಾನು 'ಆಯ್ತು ಸರ್' ಅಂದೆ. ಆದರೆ ಪ್ರೊಸೆಸ್ ಫೀ ಅಂದ್ರೆ ಏನು, ಎಲ್ಲಿ ಕಟ್ಟಬೇಕು, ಯಾವತ್ತಿನೊಳಗೆ ಕಟ್ಟಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ. ಕೇಳೋದಕ್ಕೆ ನಾಚಿಕೆ. ಕೋರ್ಟೇ ಸಮನ್ಸ್ ಕಳಿಸುತ್ತೆ, ಹಣ ಆಮೇಲೆ ಕಟ್ಟಿದರಾಯ್ತು ಅಂತ ಅಂದುಕೊಂಡು ಸುಮ್ಮನಿದ್ದೆ.

ಮುಂದಿನ ಮುದ್ದತಿಗೆ ಹೋದರೆ ಸಮನ್ಸ್ ಹೊರಟೇ ಇಲ್ಲ. ಇನ್ನೊಂದು ಮುದ್ದತು ಕೊಟ್ಟರು. ಆಗಲೂ ಕಟ್ಟಿರಲಿಲ್ಲ. ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಸಂಹಿತೆಯ 9ನೇ ಆದೇಶ, 2ನೇ ನಿಯಮ: ವಾದಿ ಸಮನ್ಸಿನ ಶುಲ್ಕ ಕಟ್ಟದ ಕಾರಣಕ್ಕೆ ಪ್ರತಿವಾದಿಗೆ ಸಮನ್ಸ್ ಮುಟ್ಟದಿದ್ದರೆ ಕೋರ್ಟು ದಾವೆಯನ್ನು ವಜಾ ಮಾಡಬಹುದು. ಈ ನಿಯಮ ನನಗೆ ಬಾಯಿಪಾಠ ಇತ್ತು! ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ನನ್ನ ಕೈಯಲ್ಲಿದ್ದ ಆ ಕಟ್ಟಿಗೂ ಆ ನಿಯಮಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ. ಹಿರಿಯರು 4ನೇ ನಿಯಮದ ಕೆಳಗೆ ಅರ್ಜಿ ಹಾಕಿ ದಾವೆಯನ್ನು ಮತ್ತೆ ಜೀವಂತ ಮಾಡಿಸಿದರು. ಅಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ಆ ಅಜ್ಜಿ ಪ್ರತಿ ಮುದ್ದತಿಗೂ ಬಸ್ಸಿನಲ್ಲಿ ಬಂದು, ಜಗಲಿಯ ಮೇಲೆ ಕೂತು ಹೋಗುತ್ತಿದ್ದರು. ಯಾಕೆ ತಡ ಆಯ್ತು ಅಂತ ಅವರಿಗೆ ನಾನು ಯಾವತ್ತೂ ಹೇಳಲಿಲ್ಲ.

ಆಮೇಲೆ ನಮ್ಮ ಆಫೀಸಿನ ಗುಮಾಸ್ತರು ನನ್ನನ್ನು ಶಿರಸ್ತೇದಾರರ ಮೇಜಿನ ಹತ್ತಿರ ಕರೆದುಕೊಂಡು ಹೋಗಿ ಎಲ್ಲ ತೋರಿಸಿಕೊಟ್ಟರು. ಹತ್ತು ನಿಮಿಷದ ಪಾಠ ಅದು. ಅವರೇ ಒಂದು ಮಾತು ಹೇಳಿದರು: 'ನಮ್ಮ ಹಳೇ ವಕೀಲರು ಸನ್ನದು ತಗೊಳ್ಳೋ ಮುಂಚೆನೇ ಇದನ್ನೆಲ್ಲ ಕಲೀತಿದ್ರು ಸಾಹೇಬ್ರೇ. ನಿಮಗೆ ಅದು ಮಾಫಿ ಆಗಿದೆಯಲ್ಲ.'

ಮಾಫಿ. ಯಾರು ಮಾಡಿದರು ಈ ಮಾಫಿ? ಯಾವ ಲೆಕ್ಕದ ಮೇಲೆ? ಆ ಪ್ರಶ್ನೆ ಹಿಡಿದುಕೊಂಡು ಹೋದಾಗ ಸಿಕ್ಕ ಕಥೆಯೇ ಇವತ್ತಿನದು.

ಇದು ಸ್ವಾತಂತ್ರ್ಯ ಬಂದಮೇಲಿನ ಕಥೆ. ಬ್ರಿಟಿಷರ ಕಾಲದಲ್ಲಿ ನಮ್ಮಲ್ಲಿ ಬ್ಯಾರಿಸ್ಟರು, ವಕೀಲ, ಪ್ಲೀಡರು, ಅಟಾರ್ನಿ ಅಂತ ನಾನಾ ಜಾತಿಯ ಕಾನೂನು ವೃತ್ತಿಗಾರರು ಇದ್ದರು. ಒಬ್ಬೊಬ್ಬರಿಗೆ ಒಂದೊಂದು ಅರ್ಹತೆ. ಅದನ್ನೆಲ್ಲ ಒಂದೇ ಪಟ್ಟಿಗೆ ತಂದಿದ್ದು 1961ರ ವಕೀಲರ ಅಧಿನಿಯಮ. ಯಾರು ವಕೀಲರಾಗಬಹುದು ಅನ್ನೋದನ್ನ ಆ ಕಾಯ್ದೆಯ 24ನೇ ಪ್ರಕರಣ ಹೇಳುತ್ತೆ.

ಮೂಲ ಕಾಯ್ದೆಯಲ್ಲಿ ಕಾನೂನು ಪದವಿ ಒಂದೇ ಸಾಲುತ್ತಿರಲಿಲ್ಲ. ಪದವಿ ಆದಮೇಲೆ ರಾಜ್ಯ ವಕೀಲರ ಪರಿಷತ್ತು ಗೊತ್ತುಪಡಿಸಿದ ತರಬೇತಿ ಪಡೆಯಬೇಕು, ತರಬೇತಿ ಮುಗಿದಮೇಲೆ ಪರೀಕ್ಷೆ ಪಾಸಾಗಬೇಕು ಅಂತ 24(1)(ಡಿ) ಉಪಪ್ರಕರಣ ಹೇಳುತ್ತಿತ್ತು. ಅದರ ಕೆಳಗೇ ಒಂದು ವಿನಾಯಿತಿಯ ಪಟ್ಟಿಯೂ ಇತ್ತು. ಅಂದ್ರೆ, ಬೇರೆ ದಾರಿಯಲ್ಲಿ ಆಗಲೇ ತರಬೇತಿ ಆದವರಿಗೆ ಮತ್ತೆ ಅದೇ ತರಬೇತಿ ಬೇಡ ಅಂತ. ಇದರ ಹಿಂದಿನ ತರ್ಕ ಸರಳ. ಒಂದು ಕೆಲಸವನ್ನ ಒಬ್ಬ ಮನುಷ್ಯ ಒಂದು ಕಡೆ ಕಲಿತಿದ್ದರೆ, ಅದನ್ನೇ ಇನ್ನೊಂದು ಕಡೆ ಕಲಿ ಅನ್ನೋದು ಅನ್ಯಾಯ. ಈ ತರ್ಕದಲ್ಲಿ ತಪ್ಪೇನಿಲ್ಲ, ನೆನಪಿಟ್ಟುಕೊಳ್ಳಿ. ತೊಂದರೆ ಶುರುವಾಗಿದ್ದು ಬೇರೆ ಕಡೆ.

ಆ ಕಾಲಕ್ಕೆ ಸಾಮಾನ್ಯವಾಗಿ ಕಾನೂನು ಪದವಿ ಎರಡು ವರ್ಷದ್ದು. ಬಿ.ಎ. ಮುಗಿಸಿ, ಸಂಜೆ ಕಾಲೇಜಿಗೋ ಬೆಳಗಿನ ಕಾಲೇಜಿಗೋ ಎರಡು ವರ್ಷ ಹೋದರೆ ಆಯಿತು. ಅರವತ್ತರ ದಶಕದಲ್ಲಿ ಭಾರತೀಯ ವಕೀಲರ ಪರಿಷತ್ತು ಇದನ್ನ ಮೂರು ವರ್ಷ ಮಾಡಿತು. ಇವತ್ತಿಗೂ ಕಾಯ್ದೆ ತೆರೆದು ನೋಡಿ, 24ನೇ ಪ್ರಕರಣದಲ್ಲಿ ಒಂದು ದಿನಾಂಕ ಇದೆ: 1967ರ ಮಾರ್ಚ್ 12. ಅದಕ್ಕಿಂತ ಮುಂಚೆ ಪದವಿ ಪಡೆದವರಿಗೆ ಒಂದು ನಿಯಮ, ಆಮೇಲಿನವರು ಮೂರು ವರ್ಷ ಓದಿರಬೇಕು ಅಂತ ಇನ್ನೊಂದು ನಿಯಮ. ಎರಡು ಮೂರಾದ ಗುರುತು ಕಾಯ್ದೆಯಲ್ಲಿ ಕಲೆಯ ಹಾಗೆ ಉಳಿದುಕೊಂಡಿದೆ.

ಈಗ ಮುಖ್ಯವಾದ ತಿರುವಿಗೆ ಬರೋಣ. 1973ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. 1974ರ ಜನವರಿ 31ರಿಂದ ಅದು ಜಾರಿಗೆ ಬಂತು. 24(1)(ಡಿ) ಪೂರ್ತಿ ಹೋಯಿತು. ತರಬೇತಿಯೂ ಇಲ್ಲ, ಅದರ ಕೊನೆಯ ಪರೀಕ್ಷೆಯೂ ಇಲ್ಲ. ಕಾರಣ ಏನಂದರೆ, ಪದವಿ ಈಗ ಮೂರು ವರ್ಷದ್ದಾಗಿದೆ, ಹಾಗಾಗಿ ಸನ್ನದಿಗೆ ಮುಂಚಿನ ತರಬೇತಿ ಬೇಕಾಗಿಲ್ಲ ಅನ್ನೋದು.

ಕಾಗದದ ಮೇಲೆ ಲೆಕ್ಕ ಸರಿಯಾಗೇ ಕಾಣುತ್ತೆ. ಮೊದಲು ಎರಡು ವರ್ಷ ಓದು, ಅದರ ಮೇಲೆ ತರಬೇತಿ. ಈಗ ಓದೇ ಮೂರು ವರ್ಷ. ತರಬೇತಿಯ ಕಾಲವನ್ನ ಕಾಲೇಜಿಗೆ ವರ್ಗಾಯಿಸಿದ ಹಾಗಾಯ್ತು. ಆದರೆ ವರ್ಗ ಆಗಿದ್ದು ಕಾಲ ಮಾತ್ರ. ಆ ಕಾಲದಲ್ಲಿ ನಡೆಯುತ್ತಿದ್ದ ಕೆಲಸ ಅದರ ಜೊತೆ ಹೋಗಲಿಲ್ಲ. ಮೂರನೇ ವರ್ಷದಲ್ಲಿ ಸೇರಿಕೊಂಡಿದ್ದು ಇನ್ನಷ್ಟು ವಿಷಯಗಳು, ಇನ್ನಷ್ಟು ಪತ್ರಿಕೆಗಳು. ನಾನು ಓದಿದ ಕಾಲೇಜಿನಲ್ಲಿ ಮೂರು ವರ್ಷದಲ್ಲಿ ಒಂದು ಸಲವೂ ಒಂದು ನಿಜವಾದ ದಾವಾಪತ್ರವನ್ನ ಕೈಯಲ್ಲಿ ಹಿಡಿಯಲಿಲ್ಲ. ವಿನಾಯಿತಿ ಕೊಟ್ಟವರು 'ಪದವಿಯೊಳಗೆ ಇದು ಇದೆ' ಅಂತ ನಂಬಿದರು. ಇದೆಯಾ ಅಂತ ನೋಡೋ ಕೆಲಸ ಯಾರ ಪಾಲಿಗೂ ಬರಲಿಲ್ಲ.

ಇದರ ಪರಿಣಾಮ ಕಾಣೋಕೆ ಹೆಚ್ಚು ಕಾಲ ಬೇಕಾಗಲಿಲ್ಲ. ತೊಂಬತ್ತರ ದಶಕದ ಹೊತ್ತಿಗೆ ನ್ಯಾಯಮೂರ್ತಿಗಳೇ ಇದರ ಬಗ್ಗೆ ಮಾತಾಡತೊಡಗಿದರು. ನ್ಯಾಯಮೂರ್ತಿ ಎ.ಎಂ. ಅಹ್ಮದಿ ಅವರ ನೇತೃತ್ವದ ಸಮಿತಿ ಸನ್ನದಿಗೆ ಮುಂಚೆ ಉಮೇದುವಾರಿಕೆ ಬೇಕು, ಪರೀಕ್ಷೆಯೂ ಬೇಕು ಅಂತ ಹೇಳಿತು. 1995ರಲ್ಲಿ ಭಾರತೀಯ ವಕೀಲರ ಪರಿಷತ್ತು ತರಬೇತಿ ನಿಯಮಗಳನ್ನ ಮಾಡಿತು. ಹೊಸ ಪದವೀಧರ ಒಂದು ವರ್ಷ ಅನುಭವಿ ವಕೀಲರ ಕೈಕೆಳಗೆ ತರಬೇತಿ ಪಡೆಯಬೇಕು, ಆಮೇಲೆಯೇ ಸನ್ನದು.

ಪದವೀಧರರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ವಿ. ಸುದೀರ್ ಪ್ರಕರಣ, 1999ರ ಮಾರ್ಚ್ 15ರ ತೀರ್ಪು. ತೀರ್ಪಿನ ತಿರುಳು ಹೀಗೆ. ತರಬೇತಿ ಒಳ್ಳೇದೇ ಇರಬಹುದು. ಆದರೆ 1973ರಲ್ಲಿ ಸಂಸತ್ತು ಬೇಕಂತಲೇ ಆ ಷರತ್ತನ್ನ ತೆಗೆದುಹಾಕಿದೆ. ಸಂಸತ್ತು ಮುಂಬಾಗಿಲಿನಿಂದ ಹೊರಗೆ ಕಳಿಸಿದ್ದನ್ನ ಪರಿಷತ್ತು ನಿಯಮ ಮಾಡಿ ಹಿತ್ತಲ ಬಾಗಿಲಿನಿಂದ ಒಳಗೆ ತರೋ ಹಾಗಿಲ್ಲ. ಬೇಕಾದರೆ ಸಂಸತ್ತೇ ಕಾಯ್ದೆ ತಿದ್ದಲಿ. ನಿಯಮಗಳು ಬಿದ್ದುಹೋದವು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ವಿನಾಯಿತಿ ಒಂದು ಸಲ ಕಾಯ್ದೆಯಲ್ಲಿ ಕೂತರೆ ಅದು ಹಕ್ಕಾಗುತ್ತೆ. ಅದಕ್ಕೆ ಆಧಾರವಾಗಿದ್ದ ನಂಬಿಕೆ ಸುಳ್ಳು ಅಂತ ಗೊತ್ತಾದಮೇಲೂ ಹಕ್ಕು ಹಾಗೇ ಉಳಿಯುತ್ತೆ. ಎಲ್‌ಎಲ್.ಬಿ. ಮುಗಿಸಿದ ಹುಡುಗ 'ನನ್ನ ಪದವಿ ಸಾಕು ಅಂತ ಕಾಯ್ದೆಯೇ ಹೇಳಿದೆಯಲ್ಲ' ಅಂದರೆ ಅವನ ಮಾತು ಸರಿಯೇ. ಒಂದು ವರ್ಷ ಸಂಬಳವಿಲ್ಲದೆ ಕೂಡೋಕೆ ಎಲ್ಲರ ಮನೆಯಲ್ಲೂ ಆಗೋದಿಲ್ಲ ಅನ್ನೋದೂ ಸರಿಯೇ. ಹಿರಿಯರ ಆಫೀಸಿನಲ್ಲಿ ನನಗೆ ಮೊದಲ ವರ್ಷ ಸಿಗುತ್ತಿದ್ದದ್ದು ಬಸ್ ಚಾರ್ಜು, ಮಧ್ಯಾಹ್ನದ ಊಟ. ಊರಿನಿಂದ ಅಪ್ಪ ಕಳಿಸುತ್ತಿದ್ದ ಜೋಳ ಇಲ್ಲದಿದ್ದರೆ ನಾನು ಈ ವೃತ್ತಿಯಲ್ಲಿ ಉಳಿಯುತ್ತಿರಲಿಲ್ಲ.

ತರಬೇತಿಯನ್ನ ಪದವಿಯ ಹೊರಗೆ ಇಡೋಕೆ ಆಗದಿದ್ದರೆ ಪದವಿಯ ಒಳಗೇ ತುಂಬಬೇಕು. ಆ ಪ್ರಯತ್ನವೂ ಅದೇ ಹೊತ್ತಿಗೆ ನಡೆದಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಪರಿಷತ್ತು ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನ ಕಡ್ಡಾಯ ಮಾಡಿತು. ಅದರಲ್ಲಿ ಅಣಕು ನ್ಯಾಯಾಲಯದ ಪತ್ರಿಕೆಯ ಅಂಕಗಳು ಹೇಗೆ ಹಂಚಿಕೆ ಆಗಿವೆ ನೋಡಿ. ಮೂರು ಅಣಕು ವಾದಕ್ಕೆ 30 ಅಂಕ. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನ ಕೋರ್ಟಿನಲ್ಲಿ ಕೂತು ನೋಡಿ ಬರೆದ ದಿನಚರಿಗೆ 30. ವಕೀಲರ ಆಫೀಸಿನಲ್ಲಿ ಕಕ್ಷಿದಾರರ ಸಂದರ್ಶನ ಮತ್ತು ವಿಚಾರಣೆಗೆ ಮುಂಚಿನ ಸಿದ್ಧತೆ ನೋಡಿ ಬರೆದದ್ದಕ್ಕೆ 30. ಮೌಖಿಕ ಪರೀಕ್ಷೆಗೆ 10. 2008ರ ನಿಯಮಗಳಲ್ಲಿ ಇಂಟರ್ನ್‌ಶಿಪ್ ಕೂಡ ಬಂತು: ಮೂರು ವರ್ಷದ ಕೋರ್ಸಿನವರಿಗೆ ಕನಿಷ್ಠ 12 ವಾರ, ಐದು ವರ್ಷದವರಿಗೆ 20 ವಾರ.

ಇದು ಸರಿಯಾಗಿ ನಡೆದರೆ ವಿನಾಯಿತಿಗೆ ಮೊದಲ ಸಲ ಒಂದು ಆಧಾರ ಸಿಕ್ಕಂತೆ. ನಡೆದಿದೆಯೋ ಇಲ್ಲವೋ ಅಂತ ಪತ್ತೆ ಹಚ್ಚೋದು ಹೇಗೆ? ನನ್ನ ಹತ್ತಿರ ಇಂಟರ್ನ್‌ಶಿಪ್‌ಗೆ ಬರೋ ಮಕ್ಕಳ ದಿನಚರಿ ಪುಸ್ತಕ ನೋಡ್ತೀನಿ. ನಿಜವಾಗಿ ಕೋರ್ಟಿನಲ್ಲಿ ಕೂತವರ ಪುಸ್ತಕದಲ್ಲಿ ಕೆಲಸ ಆಗದ ದಿನಗಳೂ ಇರುತ್ತವೆ. ಸಾಕ್ಷಿ ಬರಲಿಲ್ಲ, ಮುದ್ದತು ಮುಂದಕ್ಕೆ ಹೋಯ್ತು, ನ್ಯಾಯಾಧೀಶರು ರಜೆ ಅಂತ ಬರೆದಿರುತ್ತೆ. ಸೀನಿಯರ್ ವಿದ್ಯಾರ್ಥಿಗಳ ಪುಸ್ತಕ ನೋಡಿ ನಕಲು ಮಾಡಿದವರದ್ದರಲ್ಲಿ ಪ್ರತಿದಿನವೂ ಮುಖ್ಯ ವಿಚಾರಣೆ, ಪಾಟೀಸವಾಲು, ವಾದ ಎಲ್ಲ ಸಾಲಾಗಿ ಮುಗಿದುಹೋಗಿರುತ್ತೆ. ಯಾವ ತಾಲ್ಲೂಕು ಕೋರ್ಟೂ ಅಷ್ಟು ಚುರುಕಾಗಿ ನಡೆಯೋದಿಲ್ಲ ಅನ್ನೋದು ಕೋರ್ಟಿಗೆ ಹೋದವರಿಗೆ ಗೊತ್ತು.

ಮುಂದಿನ ಹೆಜ್ಜೆ 2010ರದ್ದು. ಪರಿಷತ್ತು ಈ ಸಲ ಜಾಣತನದ ದಾರಿ ಹಿಡಿಯಿತು. ಸನ್ನದಿಗೆ ಮುಂಚೆ ಷರತ್ತು ಹಾಕಿದರೆ ಸುದೀರ್ ತೀರ್ಪು ಅಡ್ಡ ಬರುತ್ತೆ. ಹಾಗಾಗಿ ಪದವಿ ಇದ್ದವರಿಗೆ ಸನ್ನದು ಕೊಡೋದು, ಆದರೆ ತಾತ್ಕಾಲಿಕವಾಗಿ. ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾದಮೇಲೆ ವೃತ್ತಿ ನಡೆಸೋ ಪ್ರಮಾಣಪತ್ರ. 2009-10ರಲ್ಲಿ ಪದವಿ ಮುಗಿಸಿದವರಿಂದ ಇದು ಶುರು. ಮೊದಲ ಪರೀಕ್ಷೆ ನಡೆದಿದ್ದು 2011ರ ಮಾರ್ಚ್ 6ರಂದು. 100 ಬಹು ಆಯ್ಕೆಯ ಪ್ರಶ್ನೆ, ಕನ್ನಡದಲ್ಲೂ ಬರೆಯಬಹುದು. ನನ್ನ ಕಾಲದವರಿಗೆ ಇದು ಅನ್ವಯಿಸಲಿಲ್ಲ. ನಾನು ಎರಡು ಕಡೆಯ ವಿನಾಯಿತಿಯ ನಡುವೆ ನುಸುಳಿ ಬಂದವನು. ಹಳಬರ ತರಬೇತಿಯೂ ಆಗಲಿಲ್ಲ, ಹೊಸಬರ ಪರೀಕ್ಷೆಯೂ ಆಗಲಿಲ್ಲ.

ಈ ಪರೀಕ್ಷೆಯೂ ಕೋರ್ಟಿಗೆ ಹೋಯಿತು. ಕಾಲೇಜೊಂದರ ಮಾನ್ಯತೆಯ ವಿಚಾರವಾಗಿ ಶುರುವಾದ ಬೋನಿ ಫೋಯಿ ಪ್ರಕರಣದಲ್ಲಿ ಪ್ರಶ್ನೆ ಬೆಳೆದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಬಂತು. 2023ರ ಫೆಬ್ರವರಿ 10ರಂದು ಪೀಠ, ಪರೀಕ್ಷೆ ನಡೆಸೋ ಅಧಿಕಾರ ಪರಿಷತ್ತಿಗೆ ಇದೆ, ಸನ್ನದಿಗೆ ಮುಂಚೆ ನಡೆಸಬೇಕೋ ಆಮೇಲೆ ನಡೆಸಬೇಕೋ ಅನ್ನೋದನ್ನೂ ಅದೇ ತೀರ್ಮಾನ ಮಾಡಬಹುದು ಅಂತ ಹೇಳಿತು. ಸುದೀರ್ ತೀರ್ಪಿನ ದೃಷ್ಟಿ ಸರಿಯಲ್ಲ ಅಂತಲೂ ಹೇಳಿತು. 1973ರ ಮಾಫಿ ಐವತ್ತು ವರ್ಷದ ನಂತರ ಅರ್ಧ ವಾಪಸ್ ಆದ ಹಾಗಾಯ್ತು. ಅರ್ಧ ಯಾಕೆ ಅಂದರೆ, ವಾಪಸ್ ಬಂದದ್ದು ಪರೀಕ್ಷೆ ಮಾತ್ರ. ತರಬೇತಿ ಬರಲಿಲ್ಲ. ಪ್ರೊಸೆಸ್ ಫೀ ಕಟ್ಟದಿದ್ದರೆ ಏನಾಗುತ್ತೆ ಅಂತ ನಾಲ್ಕು ಉತ್ತರ ಕೊಟ್ಟು ಆರಿಸು ಅಂದಿದ್ದರೆ ನಾನೂ ಸರಿಯಾಗೇ ಗುರುತು ಹಾಕುತ್ತಿದ್ದೆ!

ಇದೇ ಕಥೆಗೆ ಇನ್ನೊಂದು ಕವಲಿದೆ, ಅದು ನ್ಯಾಯಾಧೀಶರ ನೇಮಕಾತಿಯದ್ದು. ಸಿವಿಲ್ ನ್ಯಾಯಾಧೀಶರಾಗೋಕೆ ಕನಿಷ್ಠ ಮೂರು ವರ್ಷ ವಕೀಲಿ ಮಾಡಿರಬೇಕು ಅಂತ 1993ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಆಮೇಲೆ ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗ ಈ ಷರತ್ತು ಬೇಡ ಅಂತ ಶಿಫಾರಸು ಮಾಡಿತು. 2002ರಲ್ಲಿ ಕೋರ್ಟು ಒಪ್ಪಿಕೊಂಡಿತು. ಮೂರು ವರ್ಷ ವಕೀಲಿ ಮಾಡಿದ ಜಾಣ ಹುಡುಗರು ಆಮೇಲೆ ನ್ಯಾಯಾಂಗ ಸೇವೆಯ ಕಡೆ ತಿರುಗಿ ನೋಡೋದಿಲ್ಲ, ಪದವಿ ಆದ ಕೂಡಲೇ ತಗೊಂಡು ಒಂದು ವರ್ಷ, ಸಾಧ್ಯವಾದರೆ ಎರಡು ವರ್ಷ ತರಬೇತಿ ಕೊಡಿ ಅನ್ನೋದು ಆಗಿನ ವಿಚಾರ. ಇಲ್ಲಿಯೂ ಅನುಭವಕ್ಕೆ ವಿನಾಯಿತಿ ಕೊಟ್ಟರು. ಆದರೆ ವ್ಯತ್ಯಾಸ ಗಮನಿಸಿ: ಬಿಟ್ಟ ಅನುಭವದ ಜಾಗದಲ್ಲಿ ತರಬೇತಿ ಇರಬೇಕು ಅಂತ ಸ್ಪಷ್ಟವಾಗಿ ಬರೆದರು.

ಆದರೂ 2025ರ ಮೇ 20ರಂದು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ ಮೂರು ವರ್ಷದ ಷರತ್ತನ್ನ ಮತ್ತೆ ತಂದಿತು. ಕೋರ್ಟಿನ ಒಳಹೊರಗು ನೋಡದೆ ನೇರ ಪೀಠಕ್ಕೆ ಬಂದವರ ಅನುಭವ ಚೆನ್ನಾಗಿಲ್ಲ ಅಂತ ಹಲವು ಹೈಕೋರ್ಟುಗಳು ಹೇಳಿದ್ದವು.

ಈ ತೀರ್ಪಿನಲ್ಲಿ ಲೆಕ್ಕದ ವಿಚಾರ ಬಹಳ ಮುಖ್ಯ. ಒಂದು ಉದಾಹರಣೆ ತಗೊಳ್ಳೋಣ. ನಮ್ಮ ಪರಿಚಯದ ಒಬ್ಬ ಹುಡುಗಿ 2023ರ ಆಗಸ್ಟಿನಲ್ಲಿ ತಾತ್ಕಾಲಿಕ ಸನ್ನದು ತಗೊಂಡಳು. ವಕೀಲರ ಪರೀಕ್ಷೆ ನಡೆದಿದ್ದು ಆ ವರ್ಷದ ಡಿಸೆಂಬರಿನಲ್ಲಿ, ಫಲಿತಾಂಶ ಬಂದಿದ್ದು 2024ರ ಮಾರ್ಚಿನಲ್ಲಿ. ಮೂರು ವರ್ಷವನ್ನ ಫಲಿತಾಂಶದಿಂದ ಎಣಿಸಿದರೆ 2027ರ ಮಾರ್ಚಿಗೆ ಅರ್ಹತೆ. ತಾತ್ಕಾಲಿಕ ಸನ್ನದಿನಿಂದ ಎಣಿಸಿದರೆ 2026ರ ಆಗಸ್ಟಿಗೇ. ಏಳು ತಿಂಗಳ ವ್ಯತ್ಯಾಸ. ಅಷ್ಟರಲ್ಲಿ ಒಂದು ನೇಮಕಾತಿ ಅಧಿಸೂಚನೆ ಬಂದು ಹೋಗಬಹುದು. ಪರೀಕ್ಷೆ ಬೇರೆ ಬೇರೆ ಸಮಯಕ್ಕೆ ನಡೆಯುತ್ತೆ, ಅದರ ತಡಕ್ಕೆ ಅಭ್ಯರ್ಥಿ ಹೊಣೆಯಲ್ಲ, ಹಾಗಾಗಿ ತಾತ್ಕಾಲಿಕ ಸನ್ನದಿನ ದಿನದಿಂದಲೇ ಎಣಿಸಿ ಅಂತ ಕೋರ್ಟು ಹೇಳಿತು.

ಆ ಹುಡುಗಿ ನಡುವೆ ಹತ್ತು ತಿಂಗಳು ಒಬ್ಬ ಹೈಕೋರ್ಟ್ ನ್ಯಾಯಮೂರ್ತಿಯವರ ಹತ್ತಿರ ಕಾನೂನು ಗುಮಾಸ್ತೆಯಾಗಿದ್ದಳು. ಅದೂ ಲೆಕ್ಕಕ್ಕೆ ಬರುತ್ತೆ ಅಂತ ತೀರ್ಪಿನಲ್ಲಿದೆ. ಆದರೆ ಅವಳ ಜೊತೆ ಓದಿದ ಹುಡುಗನೊಬ್ಬ ಕಂಪನಿಯಲ್ಲಿ ಸಂಬಳಕ್ಕೆ ಸೇರಿದ. ಹಾಗೆ ಸೇರುವಾಗ ಸನ್ನದನ್ನ ಅಮಾನತಿನಲ್ಲಿಡಬೇಕು. ಅವನ ಲೆಕ್ಕ ಅಲ್ಲಿಗೇ ನಿಂತಿತು. ಪದವಿ ಒಂದೇ, ಕಾಲೇಜು ಒಂದೇ, ಹೊರಬಿದ್ದ ವರ್ಷವೂ ಒಂದೇ.

ಮೂರು ವರ್ಷ ವಕೀಲಿ ಮಾಡಿದ್ದಕ್ಕೆ ಸಾಕ್ಷಿ ಏನು? ಕನಿಷ್ಠ ಹತ್ತು ವರ್ಷ ಅನುಭವ ಇರೋ ವಕೀಲರು ಪ್ರಮಾಣಪತ್ರ ಕೊಡಬೇಕು, ಅದಕ್ಕೆ ಜಿಲ್ಲೆಯ ಪ್ರಧಾನ ನ್ಯಾಯಾಧಿಕಾರಿಯ ಮೇಲುರುಜು ಬೇಕು. ಈ ಮೇಲುರುಜು ಅನ್ನೋ ಒಂದು ಸಾಲನ್ನ ಓದಿದಾಗ ನನಗೆ ಸ್ವಲ್ಪ ಸಮಾಧಾನ ಆಯ್ತು. ಯಾಕಂದ್ರೆ, ಕಲಿತಿದ್ದಾರೆ ಅಂತ ಹೇಳೋರು ಒಬ್ಬರು, ಅದನ್ನ ನೋಡೋರು ಇನ್ನೊಬ್ಬರು. 1973ರಲ್ಲಿ ಇಲ್ಲದೇ ಹೋಗಿದ್ದು ಈ ಎರಡನೆಯವರು. ಆದರೆ ಭಯವೂ ಇದೆ. ಪ್ರಮಾಣಪತ್ರಕ್ಕೆ ಸಹಿ ಹಾಕೋ ಹತ್ತು ವರ್ಷದ ವಕೀಲರು ನನ್ನಂಥವರೇ. 'ನಮ್ಮ ಹುಡುಗ ಸರ್, ಒಂದು ಸಹಿ ಹಾಕಿ' ಅಂತ ಫೋನು ಬರೋಕೆ ಆಗಲೇ ಶುರುವಾಗಿದೆ. ಮೇಲುರುಜು ಹಾಕೋರು ಹುಡುಗನ ಹೆಸರಿನಲ್ಲಿರೋ ವಕಾಲತ್ತು, ಹಾಜರಾತಿ ಬರೆದಿರೋ ಆದೇಶ ಹಾಳೆ ಕೇಳದೇ ಮೊಹರು ಒತ್ತಿದರೆ, ಇದೂ ಇನ್ನೊಂದು ದಿನಚರಿ ಪುಸ್ತಕ ಆಗುತ್ತೆ ಅಷ್ಟೇ.

ಹೋದ ತಿಂಗಳು ಅಂಥ ಒಬ್ಬ ಹುಡುಗ ಮನೆಗೆ ಬಂದಿದ್ದ. ಸಹಿ ಕೇಳಿದ. ನಾನು ಅವನಿಗೆ ಒಂದೇ ಪ್ರಶ್ನೆ ಕೇಳಿದೆ: 'ನಿಮ್ಮ ಕೋರ್ಟಿನಲ್ಲಿ ಪ್ರೊಸೆಸ್ ಫೀ ಎಲ್ಲಿ ಕಟ್ತೀರಪ್ಪಾ?' ಅವನು ನನ್ನ ಮುಖ ನೋಡಿದ. ಆಮೇಲೆ ನೆಲ ನೋಡಿದ. ನಾನು ಸಹಿ ಹಾಕಲಿಲ್ಲ. ಕಾಫಿ ಕೊಟ್ಟು, ಸೋಮವಾರದಿಂದ ನಮ್ಮ ಆಫೀಸಿಗೆ ಬಾ ಅಂದೆ. ಬರ್ತಿದ್ದಾನೆ. ಬಸ್ ಚಾರ್ಜು, ಊಟದ ಜೊತೆ ತಿಂಗಳಿಗೆ ಅಷ್ಟಿಷ್ಟು ಹಣವನ್ನೂ ಕೊಡ್ತೀನಿ. ಅವನ ಮನೆಯಿಂದ ಜೋಳ ಬರೋದಿಲ್ಲ.